ಮೂರು ಮುಖಪುಟಗಳಲ್ಲಿ ಯಾವುದು?

“ನಮ್ಮ ಮಕ್ಕಳ ಕತೆಗೆ ಚಿತ್ರಕಾರರು ಮೂರು ಮುಖಪುಟ ಕಳಿಸಿದ್ದಾರೆ. ಮೂರೂ ಚೆನ್ನಾಗಿವೆ. ಯಾವುದನ್ನು ಇಟ್ಟುಕೊಳ್ಳೋಣ?”

ಮೊಬೈಲಿನಲ್ಲಿ ನೋಡಿ ತೀರ್ಮಾನ ಮಾಡಬೇಡಿ, ಪರದೆಯ ಮೇಲೆ ಎಲ್ಲವೂ ಹೊಳೆಯುತ್ತದೆ. ಮೂರನ್ನೂ ಪುಸ್ತಕದ ಅಳತೆಯಲ್ಲೇ ಪ್ರಿಂಟ್ ಹಾಕಿಸಿ. ಕಪ್ಪು-ಬಿಳುಪಿನಲ್ಲೂ ಒಂದೊಂದು ಪ್ರತಿ ತೆಗೆಸಿ. ಗೋಡೆಗೆ ಅಂಟಿಸಿ, ಆರಡಿ ಹಿಂದೆ ನಿಂತು ಶೀರ್ಷಿಕೆ ಓದಿ. ಕೆಂಪು ಅಕ್ಷರ ಹಸಿರು ಗದ್ದೆಯ ಮೇಲೆ ಎದ್ದು ಕಂಡರೂ ಕಪ್ಪು-ಬಿಳುಪಿನಲ್ಲಿ ಎರಡೂ ಒಂದೇ ಬೂದುಬಣ್ಣವಾಗಿಬಿಡಬಹುದು. ಹಾಗಾದರೆ ಅಲ್ಲಿದ್ದದ್ದು ಬಣ್ಣದ ವ್ಯತ್ಯಾಸ ಮಾತ್ರ, ತಿಳಿ-ಗಾಢದ ವ್ಯತ್ಯಾಸವಲ್ಲ. ಓದಿಸುವುದು ತಿಳಿ-ಗಾಢದ ವ್ಯತ್ಯಾಸವೇ.

ಮಂಡ್ಯ ಕಡೆಯ ಒಂದು ಕತೆ ಅಂದುಕೊಳ್ಳಿ, ಆರೇಳು ವರ್ಷದವರಿಗೆ. ಶೀರ್ಷಿಕೆ ‘ದೊಡ್ಡ ಆಲೆಮನೆ, ಪುಟ್ಟ ಬೆಕ್ಕು’, ಎರಡು ಸಾಲು.

ಮೊದಲನೆಯದರಲ್ಲಿ ಪುಟದ ತುಂಬ ಕಬ್ಬಿನ ಗದ್ದೆ, ನಡುವೆ ಬೆಕ್ಕು. ಚಿತ್ರ ಸೊಗಸು, ಆದರೆ ಶೀರ್ಷಿಕೆಗೆ ಜಾಗವಿಲ್ಲದೆ ಅಕ್ಷರಗಳು ಕಬ್ಬಿನ ಗರಿಗಳ ಮೇಲೇ ಕೂತಿವೆ. ‘ಡ್ಡ’ದ ಒತ್ತು ಯಾವುದು, ಗರಿ ಯಾವುದು? ಒತ್ತಕ್ಷರ ಈಗಷ್ಟೇ ಕಲಿಯುತ್ತಿರುವ ಮಗು ಅದನ್ನು ‘ದೊಡ’ ಎಂದೇ ಓದುತ್ತದೆ.

ಎರಡನೆಯದರಲ್ಲಿ ಮೇಲಿನ ಮೂರನೇ ಒಂದು ಭಾಗ ಬರೀ ಆಕಾಶ, ಕೆಳಗೆ ಬೆಲ್ಲದ ಅಚ್ಚಿನ ಪಕ್ಕ ಬೆಕ್ಕು. ಇಲ್ಲಿ ಕೆಟ್ಟಿರುವುದು ಅಕ್ಷರ. ದಪ್ಪ ಅಕ್ಷರಕ್ಕೆ ದಪ್ಪ ಕಪ್ಪು ಅಂಚು ಕೊಟ್ಟಿದ್ದರಿಂದ ‘ಬೆ’ಯ ಒಳಗಿನ ಸಂದು ಮುಚ್ಚಿದೆ, ಒತ್ತುಗಳು ಮುದ್ದೆಯಾಗಿವೆ. ಸಾಲುಗಳೂ ಹತ್ತಿರ. ಮೇಲಿನ ‘ಡ್ಡ’ದ ಒತ್ತು ಕೆಳಗಿನ ‘ಟ್ಟ’ದ ತಲೆಗೆ ತಾಗುತ್ತದೆ. ಇಂಗ್ಲಿಷ್ ಶೀರ್ಷಿಕೆಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು, ನಮ್ಮ ಒತ್ತು ಕೆಳಗಿಳಿಯುತ್ತದೆ.

ಮೂರನೆಯದರಲ್ಲಿ ಕಡುನೀಲಿಯ ಮೇಲೆ ಬಿಳಿ ಅಕ್ಷರ, ಆರಡಿಯಲ್ಲ, ಹತ್ತಡಿಯಿಂದಲೂ ಓದಬಹುದು. ಆದರೆ ಬೆಕ್ಕು ಕುದಿಯುವ ಕೊಪ್ಪರಿಗೆಯ ಅಂಚಿನ ಮೇಲೆ ನಗುತ್ತಾ ನಡೆಯುತ್ತಿದೆ. ಆಲೆಮನೆ ನಮ್ಮ ಕಡೆಯ ಮಕ್ಕಳಿಗೆ ಕತೆಯಲ್ಲ, ಮನೆ ಪಕ್ಕವೇ ಇರಬಹುದು. ಆ ಅಂಚು ಆಟದ ಜಾಗ ಎಂದು ಮುಖಪುಟವೇ ಹೇಳಬಾರದು. ಒಳಪುಟದಲ್ಲಾದರೆ ಪಕ್ಕದಲ್ಲಿ ಮಾತಿರುತ್ತದೆ, ಇಲ್ಲಿ ಚಿತ್ರ ಒಂಟಿ.

ಹಾಗಾಗಿ ನನ್ನ ಆಯ್ಕೆ ಎರಡನೆಯದು, ಮೂರನೆಯದರ ಅಕ್ಷರದೊಂದಿಗೆ. ಅಕ್ಷರ ಬೇರೆ ಪದರದಲ್ಲಿದ್ದರೆ ಬದಲಿಸುವುದು ಅರ್ಧ ದಿನದ ಕೆಲಸ. ತುಂಬಿಹೋದ ಚಿತ್ರದಲ್ಲಿ ಜಾಗ ಮಾಡಬೇಕಾದರೆ ಮತ್ತೆ ಬರೆಯಬೇಕು. ಮೂರನೆಯದೂ ಅಷ್ಟೇ, ಕತೆಯ ದೃಶ್ಯವನ್ನೇ ಬದಲಿಸಬೇಕು.

ತಿದ್ದಿ ಬಂದ ಮೇಲೆ ಎರಡನೇ ತರಗತಿಯ ಎರಡು ಮೂರು ಮಕ್ಕಳ ಕೈಗೆ ಕೊಡಿ. “ಚೆನ್ನಾಗಿದೆಯಾ?” ಎಂದು ಕೇಳಬೇಡಿ, ದೊಡ್ಡವರ ಮುಖ ನೋಡಿ ಹೂಂ ಅಂದುಬಿಡುತ್ತಾರೆ. “ಏನು ಬರೆದಿದೆ, ಓದು ಪುಟ್ಟಾ” ಅನ್ನಿ, ಯಾವ ಅಕ್ಷರದ ಹತ್ತಿರ ಬೆರಳು ನಿಲ್ಲುತ್ತದೆ ನೋಡಿ. ಇಬ್ಬರ ಬೆರಳು ಒಂದೇ ಕಡೆ ನಿಂತರೆ ಆ ಅಕ್ಷರವನ್ನು ಮತ್ತೆ ತಿದ್ದಿಸಿ. ಮುದ್ರಣಕ್ಕೆ ಕೊಡುವ ಮುಂಚೆ ಫೈಲ್ ತೆರೆದು ‘ಬೆಕ್ಕು’ ಹೋಗಿ ‘ಬೆಕ್‌ಕು’ ಆಗಿದೆಯೇ ಎಂದೂ ನೋಡಿಕೊಳ್ಳಿ. ಕೆಲವು ವಿನ್ಯಾಸ ತಂತ್ರಾಂಶಗಳಲ್ಲಿ ಭಾರತೀಯ ಲಿಪಿಯ ಆಯ್ಕೆ ಹಾಕದಿದ್ದರೆ ಒತ್ತು ಹೀಗೆ ಬಿಡಿಯಾಗುತ್ತದೆ.