ಪಿಜಿ ಬಾಡಿಗೆ ಬರೋದು ತಿಂಗಳು ತಿಂಗಳು, ಲೆಕ್ಕ ಮಾತ್ರ ಮಾರ್ಚ್ 31ಕ್ಕೆ

ಬೆಂಗಳೂರಿನ ಒಂದು ಪಿಜಿ ಮಾರಾಟಕ್ಕೆ ಬಂದಿತ್ತು. ನಾವು ಕೊಳ್ಳುವವರ ಪರ ಬೆಲೆ ಕಟ್ಟುತ್ತಿದ್ದೆವು. ಖರ್ಚೆಲ್ಲ ಕಳೆದು ತಿಂಗಳಿಗೆ 10 ಲಕ್ಷ ಉಳಿಯುತ್ತದೆ, ಐದು ವರ್ಷ ಹೀಗೇ ನಡೆಯುತ್ತದೆ, ಆಮೇಲೆ ಒಂದು ವರ್ಷದ ಹಣದ ನಾಲ್ಕು ಪಟ್ಟು, ಅಂದರೆ 480 ಲಕ್ಷಕ್ಕೆ ಮಾರುವುದು. ಡಿಸ್ಕೌಂಟ್ ದರ ಶೇ. 12. ಇಷ್ಟಕ್ಕೆ ಎರಡೂ ಕಡೆಯವರ ಒಪ್ಪಿಗೆ ಇತ್ತು. ಆದರೂ ನಮ್ಮ ಶೀಟ್ 705 ಲಕ್ಷ ಅಂದರೆ, ಮಾರುವವರ ಶೀಟ್ 746 ಲಕ್ಷ ಅಂತಿತ್ತು!

ನಮ್ಮ ಶೀಟ್ ಮಾಡಿದ್ದು ಆಫೀಸಿಗೆ ಹೊಸದಾಗಿ ಸೇರಿದ ಹುಡುಗ. ಎಕ್ಸೆಲ್‌ನ `NPV` ಹಾಕಿದ್ದ. ಅದು ಪ್ರತಿ ವರ್ಷದ ಹಣವೂ ವರ್ಷದ ಕೊನೇ ದಿನ ಒಟ್ಟಿಗೆ ಬರುತ್ತದೆ ಅಂತಲೇ ಲೆಕ್ಕ ಹಾಕುತ್ತದೆ. "ಸರ್, ಕಡಿಮೆ ಬಂದರೆ ನಮ್ಮ ಕ್ಲೈಂಟ್‌ಗೆ ಒಳ್ಳೇದಲ್ವಾ?" ಅಂದ. ಚೌಕಾಸಿಗೆ ಒಳ್ಳೇದೇ, ಆದರೆ ಎದುರಿನವರು ಒಂದು ಪ್ರಶ್ನೆ ಕೇಳಿದರೆ ಆ ಲೆಕ್ಕ ನಿಲ್ಲುವುದಿಲ್ಲ.

ಮೊದಲ ವರ್ಷ ಒಂದನ್ನೇ ತಿಂಗಳುವಾರು ಮಾಡಿ ನೋಡು ಅಂದೆ. ಪ್ರತಿ ತಿಂಗಳ ಕೊನೆಗೆ 10 ಲಕ್ಷ ಬಂದರೆ ಇವತ್ತಿನ ಬೆಲೆ 112.9 ಲಕ್ಷ. ಪೂರ್ತಿ 120 ಲಕ್ಷ ವರ್ಷದ ನಡುವೆ ಬಂತು ಅಂತ ಹಿಡಿದರೆ 113.4. ವರ್ಷದ ಕೊನೆಗೆ ಹಿಡಿದರೆ 107.1. ಯಾವುದು ನಿಜಕ್ಕೆ ಹತ್ತಿರ ಅಂತ ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ತಿದ್ದುವುದು ಸುಲಭ. ವರ್ಷದ ಸಂಖ್ಯೆ 1, 2, 3 ಇದ್ದ ಕಡೆ 0.5, 1.5, 2.5 ಹಾಕಬೇಕು. `NPV` ಬಿಡದೆ ಮಾಡುವುದಾದರೆ ಹೀಗೆ, B2:B6ರಲ್ಲಿ ಐದು ವರ್ಷದ ಬಾಡಿಗೆ ಹಣ ಮಾತ್ರ ಇರಬೇಕು:

```
=NPV(12%,B2:B6)*(1+12%)^0.5
```

ಐದು ವರ್ಷದ ಬಾಡಿಗೆ ಹಣ 432.6ರಿಂದ 457.8 ಲಕ್ಷಕ್ಕೆ ಏರಿತು. ಅರ್ಧ ವರ್ಷ ಮುಂಚೆ ಬಂದದ್ದಕ್ಕೆ ಸುಮಾರು ಶೇ. 5.8 ಜಾಸ್ತಿ.

ಇದನ್ನು ಎಲ್ಲದಕ್ಕೂ ಸುಮ್ನೆ ಹಚ್ಚಬೇಡಿ. ನಾನಂತೂ ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಯಾವ ತಿಂಗಳು ಎಷ್ಟು ಬಂತು ಅಂತ ನೋಡುತ್ತೇನೆ. ಕೊಡಗಿನ ಕಾಫಿ ತೋಟದ ಕೊಯ್ಲು ಚಳಿಗಾಲದಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಬೆಳೆ ಆಗಲೇ ಮಾರಿದರೆ ಹಣ ಬರುವುದು ಆರ್ಥಿಕ ವರ್ಷದ ಕೊನೆಗೆ, ಅಲ್ಲಿ ವರ್ಷಾಂತ್ಯದ ಲೆಕ್ಕವೇ ಸರಿ. ಶಾಲೆಯ ಫೀಸು ಬಹುಪಾಲು ಮೇ-ಜೂನ್‌ಗೇ ಬಂದುಬಿಟ್ಟರೆ ವರ್ಷದ ನಡು ಅನ್ನುವುದೂ ತಡವೇ. ಅಂಥ ಕಡೆ ತಾರೀಖು ಹಾಕಿ `XNPV` ಮಾಡುವುದು ವಾಸಿ.

ಹಾಗಾದರೆ ಮಾರುವವರ 746 ಸರಿಯಾ? ಅದೂ ಅಲ್ಲ. ಅವರು ಕೊನೆಯ 480 ಲಕ್ಷವನ್ನೂ 4.5 ವರ್ಷಕ್ಕೆ ಡಿಸ್ಕೌಂಟ್ ಮಾಡಿ 288.2 ತೋರಿಸಿದ್ದರು. ಮಾರಾಟದ ಹಣ ಐದನೇ ವರ್ಷದ ಕೊನೆಗೆ ಒಂದೇ ಕಂತಿನಲ್ಲಿ ಬರುವುದು. ಅದಕ್ಕೆ ಪೂರ್ತಿ 5 ವರ್ಷವೇ ಹಿಡಿಯಬೇಕು, ಆಗ 272.4. "ಪಿಜಿ ಆಮೇಲೂ ನಡೀತಾನೇ ಇರತ್ತಲ್ಲ" ಅಂತ ಅವರ ಕಡೆಯವರು ವಾದಿಸಿದರು. ಮಾರದೆ ಮುಂದೆಯೂ ಬಾಡಿಗೆ ಬರುತ್ತಲೇ ಇರುತ್ತದೆ ಅಂತ ಬೆಳವಣಿಗೆ ದರದ ಸೂತ್ರದಿಂದ ಕೊನೆಯ ಬೆಲೆ ಕಟ್ಟಿದ್ದರೆ 4.5 ಒಪ್ಪುತ್ತಿದ್ದೆ, ಆ ಹಣವೂ ತಿಂಗಳು ತಿಂಗಳು ಬರುವಂಥದ್ದೇ. ಇಲ್ಲಿ ಅವರೇ ನಾಲ್ಕು ಪಟ್ಟಿಗೆ ಮಾರುತ್ತೇವೆ ಅಂತ ಬರೆದಿದ್ದರು. ಕೊನೆಗೆ 457.8ಕ್ಕೆ 272.4 ಕೂಡಿಸಿ, ಚೌಕಾಸಿ ಶುರುವಾದದ್ದು 730 ಲಕ್ಷದಿಂದ.