ಅನುಮೋದಿತ ಪಟ್ಟಿಗಾಗಿ ಒಂದು ಪತ್ರ

ದೊಡ್ಡ ತಯಾರಿಕಾ ಕಂಪನಿಯೊಂದರ ಅನುಮೋದಿತ ಪೂರೈಕೆದಾರರ ಪಟ್ಟಿಗೆ ನಮ್ಮ ಸಣ್ಣ ವರ್ಕ್‌ಶಾಪನ್ನು ಸೇರಿಸಿಕೊಳ್ಳುವಂತೆ ಕೋರಿ ಇಂದು ಪತ್ರ ಬರೆದು ಕಳುಹಿಸಿದೆ. ಗುಣಮಟ್ಟಕ್ಕೆ ನಾವು ಬದ್ಧರು ಎಂಬ ಸಾಲನ್ನು ಅದರಲ್ಲಿ ಸೇರಿಸಲಿಲ್ಲ, ಏಕೆಂದರೆ ಅದರಿಂದ ಖರೀದಿ ವಿಭಾಗದವರಿಗೆ ಏನೂ ತಿಳಿಯುವುದಿಲ್ಲ. ಬದಲಿಗೆ, ಮಾದರಿಗೆಂದು ನಾವೇ ತಯಾರಿಸಿದ ಉಕ್ಕಿನ ಬುಷ್‌ಗಳ, ಅಂದರೆ ಟೊಳ್ಳು ಕೊಳವೆಯಂಥ ಬಿಡಿಭಾಗಗಳ, ಅಳತೆ ವರದಿಯನ್ನು ಲಗತ್ತಿಸಿದೆ. ಅವುಗಳ ಒಳರಂಧ್ರ 25 ಮಿ.ಮೀ., ಟಾಲರೆನ್ಸ್ ಎಚ್7. ಎಂದರೆ ಅಳತೆ 25.000ರಿಂದ 25.021 ಮಿ.ಮೀ.ರೊಳಗೆ ಬರಬೇಕು. ಪ್ರತಿ ಬುಷ್‌ನ ಅಳತೆಯ ಪಕ್ಕದಲ್ಲಿ, ಬಳಸಿದ ಬೋರ್ ಗೇಜ್ ಯಾವುದು, ಅದರ ಕ್ಯಾಲಿಬ್ರೇಷನ್ ಯಾವಾಗ ಆಯಿತು ಎಂಬುದನ್ನೂ ನಮೂದಿಸಿದ್ದೇನೆ. ಇಷ್ಟು ಕಿರಿದಾದ 21 ಮೈಕ್ರಾನ್ ಅಂತರವನ್ನು 20 ಮೈಕ್ರಾನ್ ಲೀಸ್ಟ್ ಕೌಂಟಿನ, ಅಂದರೆ ಅದಕ್ಕಿಂತ ಸಣ್ಣ ವ್ಯತ್ಯಾಸ ತೋರಿಸದ ವರ್ನಿಯರ್‌ನಲ್ಲಿ ಅಳೆದಿದ್ದೇವೆಂದರೆ, ತಿಳಿದ ಎಂಜಿನಿಯರ್ ಆ ವರದಿಯನ್ನು ಮುಂದೆ ಓದುವುದೇ ಇಲ್ಲ.

ಹೀಟ್ ಟ್ರೀಟ್‌ಮೆಂಟ್ ನಮ್ಮಲ್ಲಿಲ್ಲ, ಹೊರಗೆ ಮಾಡಿಸುತ್ತೇವೆ ಎಂಬುದನ್ನೂ ಸ್ಪಷ್ಟವಾಗಿ ಬರೆದೆ. ಗಡಸು ಮಾಡುವಾಗ ರಂಧ್ರದ ಅಳತೆ ಬದಲಾಗುವುದರಿಂದ ಮೊದಲೇ ಗ್ರೈಂಡಿಂಗ್‌ಗೆ ಲೋಹ ಉಳಿಸಿ, ಕೊನೆಯ ಅಳತೆಯನ್ನು ಬುಷ್ ಹಿಂದಿರುಗಿದ ಮೇಲೆಯೇ ತರುತ್ತೇವೆ. ಪ್ರತಿ ಬ್ಯಾಚ್‌ನ ಹಾರ್ಡ್‌ನೆಸ್ ವರದಿಯನ್ನು ಸರಕಿನ ಜೊತೆಗೇ ಕೊಡುತ್ತೇವೆ. ಹೊರಗೆ ಹೋಗುವ ಕೆಲಸವನ್ನು ಮುಚ್ಚಿಟ್ಟು ಪಡೆದ ಅನುಮೋದನೆ ಮೊದಲ ಆಡಿಟ್‌ನಲ್ಲೇ ಕೈತಪ್ಪುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಕೊನೆಯಲ್ಲಿ ಕೇಳಿದ್ದು ದೊಡ್ಡ ಆರ್ಡರ್ ಅಲ್ಲ: ಅವರದೇ ಡ್ರಾಯಿಂಗ್‌ನ ಒಂದು ಸಣ್ಣ ಟ್ರಯಲ್ ಬ್ಯಾಚ್, ಮತ್ತು ಅದು ತಯಾರಾಗುವಾಗ ಅವರ ಗುಣಮಟ್ಟ ವಿಭಾಗದವರು ಬಂದು ನೋಡಲು ಒಂದು ದಿನ.