‘ಲೀಬ್’ ಅಂದರೆ ಎಷ್ಟು ಪ್ರೀತಿ?

“ನನ್ನ ಹುಡುಗ ಜರ್ಮನ್. ಮೆಸೇಜಿನಲ್ಲಿ ‘ಇಶ್ ಹಾಬ್ ಡಿಶ್ ಲೀಬ್’ ಅಂತ ಬರೀತಾನೆ, ‘ಇಶ್ ಲೀಬ ಡಿಶ್’ ಅಂತ ಬರೆಯೋದೇ ಇಲ್ಲ. ನನಗೆ ಬರೋದು ಅರ್ಧಂಬರ್ಧ ಜರ್ಮನ್. ಇದು ಪ್ರೀತೀನಾ, ಬರೀ ಅಕ್ಕರೇನಾ ಮೇಡಂ?”

ಆ ಸಾಲೊಂದನ್ನೇ ಇಟ್ಟುಕೊಂಡು ಹೇಳಲು ಬರುವುದಿಲ್ಲ. ‘ಇಶ್ ಲೀಬ ಡಿಶ್’ ಅಂದರೆ ನಾನು ನಿನ್ನನ್ನು ಪ್ರೀತಿಸುತ್ತೇನೆ ಅಂತ, ತೂಕದ ಮಾತು. ಸಂಗಾತಿಗೇ ಮೀಸಲಿಟ್ಟು, ಅದನ್ನೂ ಅಳೆದು ಸುರಿದು ಆಡುವವರು ಜರ್ಮನ್ನರಲ್ಲಿ ಬಹಳ. ‘ಹಾಬ್ ಡಿಶ್ ಲೀಬ್’ ಅಂದರೆ ನೀನಂದ್ರೆ ನಂಗಿಷ್ಟ ಅಂತ. ಅದನ್ನು ಅಮ್ಮನಿಗೂ ಹೇಳುತ್ತಾರೆ, ತಂಗಿಗೂ, ಆಪ್ತ ಗೆಳತಿಗೂ, ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೂ. ಹಾಗಾಗಿ ಅದು ಪ್ರೀತಿಯ ಕೆಳಗಿನ ಮೆಟ್ಟಿಲು ಅಂದುಕೊಳ್ಳಬೇಡಿ. ಅವನು ಮನೆಯವರಿಗೆಲ್ಲ ಅದನ್ನೇ ಬರೆಯುವವನಾದರೆ, ನಿಮ್ಮನ್ನೂ ಮನೆಯವರ ಸಾಲಿಗೆ ಸೇರಿಸಿಕೊಂಡಿರಬಹುದು.

ಅರ್ಧ ಭಾಷೆ ಬಲ್ಲವರು ಎಡವುವುದು ಹೆಚ್ಚಾಗಿ ಈ ಕ್ರಿಯಾಪದದಲ್ಲಲ್ಲ, ಅದರ ಪಕ್ಕ ಕೂತ ಪುಟ್ಟ ಪದದಲ್ಲಿ. ನನ್ನ ಹತ್ತಿರ ಕಲಿತ ಒಬ್ಬಳಿಗೆ ಸ್ಟುಟ್‌ಗಾರ್ಟಿನ ಹುಡುಗನಿಂದ ಹೀಗೊಂದು ಮೆಸೇಜ್ ಬಂತು: ‘ಇಶ್ ಹಾಬ್ ಡಿಶ್ ಡೊಖ್ ಲೀಬ್, ಡು ದುಸ್ಸೆಲ್.’ ನಿಘಂಟಿನಲ್ಲಿ ದುಸ್ಸೆಲ್ ಅಂದರೆ ಪೆದ್ದ ಅಂತಿತ್ತು. ಡೊಖ್ ಎದುರಿಗೆ ‘ಆದರೆ, ಆದರೂ’ ಅಂತಿತ್ತು. ಎರಡನ್ನೂ ಕೂಡಿಸಿ ಅವಳು ಮಾಡಿಕೊಂಡ ಅರ್ಥ: “ನೀನು ಪೆದ್ದಿ, ಆದರೂ ಇಷ್ಟಪಡ್ತೀನಿ.” ಎರಡು ದಿನ ಮುಖ ಊದಿಸಿಕೊಂಡಿದ್ದಳು.

ನಾನು ಮೊದಲು ಕೇಳಿದ್ದು, ಅದಕ್ಕಿಂತ ಮುಂಚೆ ನೀನೇನು ಬರೆದಿದ್ದೆ ಅಂತ. “ನೀನು ಗೆಳೆಯರ ಜೊತೆ ಇರ್ತೀಯ, ನಾನು ಫೋನ್ ಮಾಡಿದರೆ ತೊಂದರೆ, ಇನ್ನು ಮಾಡಲ್ಲ” ಅಂತ ಬರೆದಿದ್ದಳಂತೆ. ಅಷ್ಟು ಗೊತ್ತಾದರೆ ಡೊಖ್ ತಾನಾಗಿ ಬಿಚ್ಚಿಕೊಳ್ಳುತ್ತದೆ. ಎದುರಿನವರು ಮರೆತ ಅಥವಾ ಅನುಮಾನಿಸಿದ ಸಂಗತಿಯನ್ನು ನೆನಪಿಸಿ, ಅನುಮಾನವನ್ನು ತಳ್ಳಿಹಾಕುವ ಪದ ಅದು. ನಮ್ಮ ‘ಅಲ್ವೇನೇ’ ಮಾಡುವ ಕೆಲಸ. ದುಸ್ಸೆಲ್ ಕೂಡ ಜಗಳದ ಬೈಗುಳವಲ್ಲ, ಕೆನ್ನೆ ಹಿಂಡುವ ಬೈಗುಳ. “ನೀನಂದ್ರೆ ನಂಗಿಷ್ಟ ಅಲ್ವೇನೇ ಪೆದ್ದಿ” ಅಂದಿದ್ದ ಪಾಪದ ಹುಡುಗ.

ಅದೇ ಜಾಗದಲ್ಲಿ ‘ಶೋನ್’ ಇದ್ದಿದ್ದರೆ ಕಥೆ ಬೇರೆ. ಶುರುವಿನ ಪಾಠಗಳಲ್ಲಿ ಶೋನ್ ಅಂದರೆ ‘ಆಗಲೇ’ ಎಂದು ಕಲಿತಿರುತ್ತೇವೆ. ಅದನ್ನೇ ನಂಬಿ ‘ಇಶ್ ಹಾಬ್ ಡಿಶ್ ಶೋನ್ ಲೀಬ್’ ಓದಿದವರು, ಆಗಲೇ ನನ್ನನ್ನು ಹಚ್ಚಿಕೊಂಡಿದ್ದಾನೆ ಎಂದು ಹಿಗ್ಗುತ್ತಾರೆ. ಜರ್ಮನ್ ಕಿವಿಗೆ ಅದು ಸಾಮಾನ್ಯವಾಗಿ ‘ಇಷ್ಟ ಏನೋ ಇದೆ’ ಅಂದ ಹಾಗೆ ಕೇಳುತ್ತದೆ. ಆ ‘ಏನೋ’ ಆದ ಮೇಲೆ ಒಂದು ‘ಆದರೆ’ ಬರುತ್ತದೆಂದು ಕಾಯುವುದು ನಮಗೂ ಗೊತ್ತು. ಮುಂದಿನ ಸಾಲಿನಲ್ಲಿ ಜರ್ಮನ್ನಿನ ಆ ‘ಆದರೆ’, ಅಂದರೆ ‘ಆಬರ್’, ಇದೆಯಾ ನೋಡಿ. ಇಲ್ಲದಿದ್ದರೆ ತೀರ್ಮಾನಕ್ಕೆ ಇಳಿಯಬೇಡಿ. ಒತ್ತು ಎಲ್ಲಿ ಬೀಳುತ್ತದೆ ಎನ್ನುವುದರ ಮೇಲೆ ಇದೇ ಸಾಲು ಸಮಾಧಾನದ ಮಾತೂ ಆಗಬಹುದು, ಒತ್ತು ಬರಹದಲ್ಲಿ ಕಾಣುವುದಿಲ್ಲ. ಅಂಥ ಹೊತ್ತಿಗೆ ಫೋನ್ ಮಾಡುವುದೇ ಸರಿ.

‘ಲೀಬ್’ ಕಂಡಲ್ಲೆಲ್ಲ ಪ್ರೀತಿ ಹುಡುಕುವುದೂ ಬೇಡ. ‘ದಾಸ್ ಇಸ್ಟ್ ಲೀಬ್ ಫಾನ್ ಡಿಯರ್’ ಅಂದರೆ ನಿನ್ನದು ಒಳ್ಳೇ ಮನಸ್ಸು ಅಂತ, ಅಷ್ಟೆ. ‘ಇಶ್ ಬ್ಲೈಬ ಲೀಬರ್ ಟ್ಸು ಹೌಸ’ ಅಂದರೆ ನಾನು ಮನೆಯಲ್ಲೇ ಇರ್ತೀನಿ, ಅದೇ ವಾಸಿ. ಅದರಲ್ಲಿ ನಿಮ್ಮ ಸುದ್ದಿಯೇ ಇಲ್ಲ.

ಇನ್ನೊಂದು ಸಾಲು ‘ಡು ಫೇಲ್ಸ್ಟ್ ಮಿಯರ್’. ಡು ಅಂದರೆ ನೀನು ಎಂದು ಗೊತ್ತಿರುವವರು ಇಂಗ್ಲಿಷಿನ ದಾರಿಯಲ್ಲಿ ಹೋಗಿ, “ನನ್ನ ನೆನಪು ನಿನಗೆ ಕಾಡ್ತಿದೆ ಅಲ್ವಾ” ಎಂದು ತಿರುಗಿಸಿ ಓದುತ್ತಾರೆ. ಏನು ಜಂಬ ಇವನಿಗೆ ಅಂತ ಸಿಟ್ಟಾಗುತ್ತಾರೆ. ಕನ್ನಡದ ದಾರಿಯಲ್ಲಿ ಹೋದರೆ ತೊಡಕೇ ಇಲ್ಲ. ಮಿಯರ್ ಎಂದರೆ ‘ನನಗೆ’. ನೀನಿಲ್ಲದ ಕೊರತೆ ನನಗೆ ಕಾಡ್ತಿದೆ ಎನ್ನುತ್ತಿದ್ದಾನೆ.

ಉತ್ತರ ಏನು ಬರೆಯಲಿ ಅಂತಲೂ ಕೇಳುತ್ತೀರಿ. ಅನುಮಾನ ತೀರದಿದ್ದಾಗ ‘ಲೀಬ್ಸ್ಟ್ ಡು ಮಿಶ್?’ ಅಂತ ಮೆಸೇಜಿನಲ್ಲಿ ಕೇಳಬೇಡಿ, ನೀವು ಕೇಳಬೇಕೆಂದಿದ್ದಕ್ಕಿಂತ ಭಾರದ ಪ್ರಶ್ನೆ ಅದು. ಸದ್ಯಕ್ಕೆ ‘ಇಶ್ ಡಿಶ್ ಔಖ್’ ಸಾಕು. ನಾನೂ ನಿನ್ನನ್ನು, ಅಂತ. ಕ್ರಿಯಾಪದವೇ ಇಲ್ಲದ ಕಾರಣ ಅವನು ‘ಲೀಬ ಡಿಶ್’ ಅಂದಿದ್ದರೂ ‘ಹಾಬ್ ಡಿಶ್ ಲೀಬ್’ ಅಂದಿದ್ದರೂ ಅದು ಹೊಂದುತ್ತದೆ. ‘ಡು ಫೇಲ್ಸ್ಟ್ ಮಿಯರ್’ಗೆ ಮಾತ್ರ ಇದನ್ನು ಹಾಕಬೇಡಿ, ಅಲ್ಲಿ ‘ಡು ಮಿಯರ್ ಔಖ್’ ಅನ್ನಬೇಕು.